ಹಳೆಯ ಸರಕು ನೌಕೆಯ ಕಾರಿಡಾರ್: 12 ಸೆಕೆಂಡಿನ ಒಂದೇ ಶಾಟ್

ಬಾಹ್ಯಾಕಾಶದಲ್ಲಿ ಓಡಾಡುವ ಹಳೆಯ ಸರಕು ನೌಕೆಯೊಂದರ ಒಳಗಿನ ಉದ್ದನೆ ಕಾರಿಡಾರ್. ಕ್ಯಾಮೆರಾ ನಿಧಾನವಾಗಿ ಮುಂದಕ್ಕೆ ತೇಲಿಕೊಂಡು ಹೋಗುತ್ತದೆ. ಎಡಗೋಡೆಯ ಬೆಳಕಿನ ಪ್ಯಾನೆಲ್‌ಗಳು ಮಿಣುಕುತ್ತಿವೆ. ಬಲಗಡೆಯ ಕಿಂಡಿಗಳಿಂದ ಹಬೆ ಬರುತ್ತಿದೆ. ದೂರದ ತುದಿಯಲ್ಲಿ ಒಂದು ಬಾಗಿಲು ಸ್ವಲ್ಪವೇ ತೆರೆದಿದೆ. ಅವಧಿ 12 ಸೆಕೆಂಡು, ಸೆಕೆಂಡಿಗೆ 24 ಫ್ರೇಮ್, ಅಗಲ ಪರದೆ 2.39:1. ಎಲ್ಲೂ ಕಟ್ ಇಲ್ಲ. ನಿಜವಾದ ಸೆಟ್ ಕಟ್ಟಿ, ಫಿಲ್ಮ್ ಹಾಕಿದ ಕ್ಯಾಮೆರಾದಲ್ಲಿ ತೆಗೆದ ಹಾಗೆ ಕಾಣಬೇಕು.

ಇದು ಒಂದು ಕಿರುಚಿತ್ರದ ಮೊದಲ ಶಾಟ್. ಈ ನೌಕೆಯಲ್ಲಿ ದುಡಿದಿದ್ದ ಇಂಜಿನಿಯರ್ ಒಬ್ಬಳು 11 ವರ್ಷದ ಮೇಲೆ ವಾಪಸ್ ಬಂದಿದ್ದಾಳೆ. ಅವಳು ಕಾಣುವುದಿಲ್ಲ. ನಾವು ನೋಡುವುದು ಅವಳು ನೋಡುತ್ತಿರುವುದನ್ನ. ಹಾಗಾಗಿ ಇದು ದೆವ್ವದ ಮನೆ ಅಲ್ಲ. ಹೆದರಿಸುವ ಉದ್ದೇಶ ಇಲ್ಲವೇ ಇಲ್ಲ. ದಣಿದಿದ್ದರೂ ಕೆಲಸ ಬಿಡದ ನೌಕೆ ಇದು. ಒಂದು ಕಡೆ ವಿದ್ಯುತ್ ಸರಿಯಾಗಿ ಬರುತ್ತಿಲ್ಲ, ಇನ್ನೊಂದು ಕಡೆ ಬಿಸಿನೀರಿನ ಪೈಪು ಒತ್ತಡ ತಾಳಲಾರದೆ ಹಬೆ ಬಿಡುತ್ತಿದೆ. ಕಾಣುವ ಪ್ರತಿ ಮಿಣುಕಿಗೂ ಪ್ರತಿ ಹಬೆಗೂ ಹೀಗೊಂದು ಕಾರಣ ಇದೆ ಅನ್ನಿಸಬೇಕು.

ಕಾರಿಡಾರ್‌ನ ಅಗಲ 2.2 ಮೀಟರ್, ಎತ್ತರ 2.4 ಮೀಟರ್. ಬಾಗಿಲು ಕ್ಯಾಮೆರಾದಿಂದ 20 ಮೀಟರ್ ದೂರ. ಪ್ರತಿ ಒಂದೂವರೆ ಮೀಟರಿಗೆ ಒಂದು ದಪ್ಪ ಲೋಹದ ಪಟ್ಟಿ ಗೋಡೆ, ಛಾವಣಿ ಎರಡನ್ನೂ ಬಳಸಿ ಕಮಾನಿನ ಹಾಗೆ ಹೋಗಿದೆ. ಎರಡು ಪಟ್ಟಿಗಳ ನಡುವೆ ಎಡಕ್ಕೆ ಒಂದೊಂದು ಬೆಳಕಿನ ಪ್ಯಾನೆಲ್. ಬಲಗಡೆ ಗೋಡೆಯುದ್ದಕ್ಕೂ ಮೂರು ಪೈಪುಗಳು, ಒಂದರ ಮೇಲೊಂದು. ನೆಲಕ್ಕೆ ಕಬ್ಬಿಣದ ಜಾಲರಿ, ಅದರ ಕೆಳಗೆ ಕತ್ತಲು. ನೌಕೆ ತಿರುಗುತ್ತಾ ತನ್ನೊಳಗೆ ತೂಕ ಹುಟ್ಟಿಸಿಕೊಳ್ಳುತ್ತದೆ. ಕಾರಿಡಾರ್ ಆ ತಿರುಗುವ ಅಚ್ಚಿಗೆ ಸಮಾನಾಂತರವಾಗಿ ಉದ್ದಕ್ಕೆ ಸಾಗುವುದರಿಂದ ನೆಲ ನೇರವಾಗಿಯೇ ಇರಲಿ, ಮೇಲಕ್ಕೆ ಬಾಗುವುದು ಬೇಡ. ಕೆಳಗೆ ಅನ್ನುವುದು ಕೆಳಗೇ. ಯಾವ ವಸ್ತುವೂ ಗಾಳಿಯಲ್ಲಿ ತೇಲಬಾರದು.

ಹೊಸದೊಂದೂ ಇಲ್ಲ. ಗೋಡೆಯ ಬಣ್ಣ ಮಾಸಿದ ಬೂದುಹಸಿರು. ಸೊಂಟದ ಎತ್ತರದಲ್ಲಿ ಮಾತ್ರ ಬಣ್ಣ ಸವೆದು ಲೋಹ ಹೊಳೆಯುತ್ತದೆ. ವರ್ಷಗಟ್ಟಲೆ ಜನ ಅಲ್ಲಿ ಕೈಯಾಡಿಸಿಕೊಂಡು ಓಡಾಡಿದ್ದಾರೆ. ಈ ಸವೆದ ಗೆರೆ ನನಗೆ ಬಹಳ ಮುಖ್ಯ. ಕ್ಯಾಮೆರಾದ ಹತ್ತಿರ ಅದು ಚೆನ್ನಾಗಿ ಕಾಣಬೇಕು. ನಡುವಿನ ಪೈಪಿನ ಒಂದು ಜೋಡಣೆಗೆ ಯಾರೋ ಬಟ್ಟೆ ಸುತ್ತಿ ತಂತಿ ಕಟ್ಟಿದ್ದಾರೆ. ಬಟ್ಟೆ ನೆನೆದಿದೆ. ಅದರ ತುದಿಯಿಂದ ಒಂದು ಹನಿ ಜಾಲರಿಯ ಮೇಲೆ ಬೀಳುತ್ತದೆ.

ಪ್ಯಾನೆಲ್‌ಗಳ ಒಳಗಿರುವುದು ಹಳೆಯ ಟ್ಯೂಬ್‌ಲೈಟು, ಎಲ್ಇಡಿ ಅಲ್ಲ. ಮುಂದಿನ ಹಾಲುಬಣ್ಣದ ಗಾಜು ಒಂದೆರಡು ಕಡೆ ಬಿರುಕು ಬಿಟ್ಟಿದೆ. ಟ್ಯೂಬಿನ ಎರಡೂ ತುದಿ ಕಪ್ಪಗಾಗಿವೆ. ಅದು ಹತ್ತಿಕೊಳ್ಳುವಾಗ ಮೊದಲು ತುದಿಗಳಲ್ಲಿ ಕಿತ್ತಳೆ ಬಣ್ಣದ ಮಂಕು ಬೆಳಕು, ಆಮೇಲೆ ಉದ್ದಕ್ಕೂ ತಣ್ಣನೆಯ ಬಿಳಿ. ಎಲ್ಲ ಪ್ಯಾನೆಲ್‌ಗಳೂ ಒಟ್ಟಿಗೆ ಮಿಣುಕಬಾರದು. ಮೊದಲ ಫ್ರೇಮಿನಲ್ಲಿ ಕಾಣುವವುಗಳನ್ನು ಹತ್ತಿರದಿಂದ ಎಣಿಸಿದರೆ ಎಡಗಡೆಯ ಎರಡನೆಯದು ಮಾತ್ರ ಜಾಸ್ತಿ ಕೆಟ್ಟಿದೆ, ಐದನೆಯದು ಆಗಾಗ ಸ್ವಲ್ಪ ಮಂಕಾಗುತ್ತದೆ, ಒಂಬತ್ತನೆಯದು ಪೂರ್ತಿ ಸತ್ತಿದೆ, ಉಳಿದವು ಸುಮ್ನೆ ಉರಿಯುತ್ತಿವೆ. ಮಿಣುಕಿನಲ್ಲಿ ತಾಳ ಇರಕೂಡದು. ಎರಡು ಸಲ ಬೇಗ ಬೇಗ ಆರಿ ಹತ್ತಿ, ಆಮೇಲೆ ತುಂಬ ಹೊತ್ತು ನೆಟ್ಟಗೆ ಉರಿದು, ಮತ್ತೆ ಒಂದು ಸಲ ಆರಲಿ. ಯಾವ ಸೆಕೆಂಡಿನಲ್ಲೂ ಎರಡಕ್ಕಿಂತ ಜಾಸ್ತಿ ಸಲ ಆರಿ ಹತ್ತುವುದು ಬೇಡ. ಮಿಣುಕುವ ಬೆಳಕಿಗೆ ಮೂರ್ಛೆ ಬರುವವರು ನೋಡುಗರಲ್ಲಿ ಇರುತ್ತಾರೆ, ಅವರೂ ನೆಮ್ಮದಿಯಿಂದ ನೋಡುವಂತಿರಬೇಕು.

ಒಂದು ಪ್ಯಾನೆಲ್ ಆರಿದರೆ ಅದೇ ಫ್ರೇಮಿನಲ್ಲಿ ಅದರ ಬೆಳಕೂ ಎಲ್ಲ ಕಡೆಯಿಂದ ಹೋಗಬೇಕು. ಎದುರಿನ ಪೈಪಿನ ಮೇಲಿನ ಹೊಳಪು, ಜಾಲರಿಯ ಮೇಲಿನ ಬಿಳಿ ಗೆರೆ, ಹಬೆಯ ಅಂಚು ಎಲ್ಲವೂ. ಗೋಡೆ ಕಪ್ಪಾಗಿ ನೆಲ ಮಾತ್ರ ಬೆಳಗುತ್ತಿದ್ದರೆ ಇಡೀ ಶಾಟ್ ಸುಳ್ಳಾಗುತ್ತದೆ.

ಹಬೆ ಮೂರು ಕಡೆಯಿಂದ ಬರುತ್ತದೆ. ಒಂದು ಹತ್ತಿರದಲ್ಲಿ, ಮೊಣಕಾಲಿನ ಎತ್ತರದ ಕಿಂಡಿಯಿಂದ. ಇನ್ನೆರಡು ದೂರದಲ್ಲಿ. ಕಿಂಡಿಯ ಬಾಯಲ್ಲೇ ಬಿಳಿ ಕಾಣಬಾರದು. ಬಿಸಿ ಹಬೆ ಹೊರಬಂದ ಕೂಡಲೇ ಕಣ್ಣಿಗೆ ಕಾಣುವುದಿಲ್ಲ. ತಣ್ಣನೆ ಗಾಳಿಗೆ ಸೇರಿ ಸಣ್ಣ ಹನಿಗಳಾದ ಮೇಲಷ್ಟೇ ಬೆಳ್ಳಗಾಗುತ್ತದೆ. ಹಾಗಾಗಿ ಬಾಯಿಯಿಂದ ನಾಲ್ಕೈದು ಬೆರಳಿನಷ್ಟು ಜಾಗ ಖಾಲಿ ಇರಲಿ, ಅಲ್ಲಿಂದ ಮುಂದೆ ಬಿಳಿ ಶುರುವಾಗಲಿ. ಮೊದಲು ಒತ್ತಡಕ್ಕೆ ನೇರವಾಗಿ ಅಡ್ಡಕ್ಕೆ ಚಿಮ್ಮಿ, ಆಮೇಲೆ ಸೋತು ಮೇಲಕ್ಕೆ ಏರಿ, ಛಾವಣಿಯ ಕೆಳಗೆ ಹರಡಿ ಕರಗಬೇಕು. ಹೊಗೆಯ ಹಾಗೆ ಕಪ್ಪಾಗಿ, ದಟ್ಟವಾಗಿ ಬೇಡ. ನೆಲದ ಮೇಲೆ ಹಾಸಿಕೊಂಡ ಮಂಜೂ ಬೇಡ. ಹಿಂದಿನಿಂದ ಬೆಳಕು ಬಿದ್ದಲ್ಲಿ ಹಬೆ ಬೆಳ್ಳಗೆ ಹೊಳೆಯಲಿ, ಬೆಳಕಿಲ್ಲದ ಕಡೆ ಹೆಚ್ಚುಕಡಿಮೆ ಮಾಯವಾಗಲಿ.

ಕ್ಯಾಮೆರಾ ನೆಲದಿಂದ 1.4 ಮೀಟರ್ ಎತ್ತರದಲ್ಲಿ, ಕಾರಿಡಾರ್‌ನ ನಡುವಿಗಿಂತ ಒಂಚೂರು ಎಡಕ್ಕೆ. 28 ಎಂಎಂ ಲೆನ್ಸ್, ಶಟರ್ 1/48. ವೇಗ ಸೆಕೆಂಡಿಗೆ ಅರ್ಧ ಮೀಟರ್, ಅಂದರೆ ನಾವು ಮಾಮೂಲಿಯಾಗಿ ನಡೆಯುವುದರ ಅರ್ಧಕ್ಕಿಂತಲೂ ಕಡಿಮೆ. ಮೂರು ಸೆಕೆಂಡಿಗೆ ಒಂದು ಕಮಾನು ಪಕ್ಕದಲ್ಲಿ ಹಾದುಹೋಗುತ್ತದೆ, ಇಡೀ ಶಾಟಿನಲ್ಲಿ ನಾಲ್ಕೇ. ಶುರುವಿನಿಂದ ಕೊನೆಯವರೆಗೂ ಒಂದೇ ವೇಗ. ಹೆಜ್ಜೆಯ ಕುಲುಕು, ಕೈಯ ನಡುಕ, ಅತ್ತಿತ್ತ ತಿರುಗುವುದು ಯಾವುದೂ ಬೇಡ. ಮುಖ್ಯವಾಗಿ ಇದು ಜೂಮ್ ಅಲ್ಲ. ಕ್ಯಾಮೆರಾನೇ ಮುಂದೆ ಸಾಗಬೇಕು. ಹತ್ತಿರದ ಪೈಪು ಬೇಗ ಹಿಂದೆ ಸರಿಯಲಿ, ದೂರದ ಬಾಗಿಲು ಬಹಳ ನಿಧಾನಕ್ಕೆ ದೊಡ್ಡದಾಗಲಿ.

ಮೊದಲ ಮೂರು ಸೆಕೆಂಡು ಎಲ್ಲ ಶಾಂತ, ಸತ್ತ ಒಂಬತ್ತನೆಯದನ್ನು ಬಿಟ್ಟು ಪ್ಯಾನೆಲ್‌ಗಳು ನೆಟ್ಟಗೆ ಉರಿಯುತ್ತಿವೆ. ದೂರದ ಹಬೆ ಮಾತ್ರ ಆಡುತ್ತಿದೆ. ನಾಲ್ಕನೆಯ ಸೆಕೆಂಡಿನಲ್ಲಿ ಎಡಗಡೆಯ ಎರಡನೆಯ ಪ್ಯಾನೆಲ್ ಎರಡು ಸಲ ಆರಿ ಹತ್ತುತ್ತದೆ. ಆರನೆಯ ಸೆಕೆಂಡಿಗೆ ಹತ್ತಿರದ ಕಿಂಡಿ ಹಬೆ ಚಿಮ್ಮಿಸುತ್ತದೆ, ಫ್ರೇಮಿನ ಬಲ ಅರ್ಧ ಬೆಳ್ಳಗಾಗುತ್ತದೆ. ಕ್ಯಾಮೆರಾ ನಿಲ್ಲುವುದಿಲ್ಲ, ಹಬೆಯೊಳಗೆ ಹಾಗೇ ಹೋಗುತ್ತದೆ. ಒಂಬತ್ತಕ್ಕೆ ಹಬೆ ಹಿಂದೆ ಸರಿದು ಮತ್ತೆ ಕಾರಿಡಾರ್ ಕಾಣುತ್ತದೆ, ಮೊದಲಿಗಿಂತ ತುಸು ಒದ್ದೆಯಾಗಿ. ಕಮಾನು, ಪೈಪು, ಪ್ಯಾನೆಲ್ ಯಾವುದೂ ಆಗ ಜಾಗ ಬದಲಿಸಿರಬಾರದು, ಲೆಕ್ಕ ತಪ್ಪಬಾರದು. ಮುಚ್ಚಿ ತೆರೆಯುವ ಹೊತ್ತಿಗೇ ಇಂಥ ಎಡವಟ್ಟು ಆಗುವುದು.

ಸದ್ದು: ತಗ್ಗು ದನಿಯ ಮೋಟಾರಿನ ಗುಂಯ್‌ಗುಡಿತ, ಟ್ಯೂಬು ಹತ್ತುವಾಗಿನ ಚಿಟಪಟ, ಹಬೆಯ ಉಸ್ ಅನ್ನುವ ಸದ್ದು, ಜಾಲರಿಯ ಮೇಲೆ ಒಂದು ಹನಿ. ಸಂಗೀತ ಇಲ್ಲ. ಮಾತಿಲ್ಲ.

ಮನುಷ್ಯರು, ರೋಬೋಟು, ರಕ್ತ, ಕೆಂಪು ಅಪಾಯದ ದೀಪ, ನೀಲಿ ನಿಯಾನ್ ಗೆರೆ, ಲೆನ್ಸಿನ ಮೇಲೆ ಅಡ್ಡ ಬೆಳಕಿನ ಗೀಟು, ಗೋಡೆಯ ಮೇಲೆ ಬರಹ, ಕಿಟಕಿಯಾಚೆ ನಕ್ಷತ್ರ, ಇವು ಒಂದೂ ಬೇಡ.

ಕೊನೆಯ ಸೆಕೆಂಡಿನಲ್ಲಿ ಐದನೆಯ ಪ್ಯಾನೆಲ್ ಮಂಕಾಗುತ್ತದೆ. ಆಗ ಬಾಗಿಲಿನ ಸಂದಿನಿಂದ ಬರುತ್ತಿರುವ ಹಳದಿ ಬೆಳಕು ಮೊದಲ ಸಲ ಎದ್ದು ಕಾಣುತ್ತದೆ. ಒಂದು ಅಂಗೈ ಅಗಲ, ಬೆಚ್ಚಗಿನ, ಅಡುಗೆಮನೆಯ ಬಲ್ಬಿನ ಹಾಗಿನ ಬೆಳಕು. ಅದು ಮಿಣುಕುವುದಿಲ್ಲ. ಬಾಗಿಲು ಇನ್ನೂ 14 ಮೀಟರ್ ದೂರ ಇರುವಾಗಲೇ, ಕ್ಯಾಮೆರಾ ಸಾಗುತ್ತಿರುವಾಗಲೇ ಶಾಟ್ ಮುಗಿಯುತ್ತದೆ.