ಮಾದೇಶ ಮೇಸ್ತ್ರಿಗೆ, ಸೆಂಟ್ರಿಂಗ್ ಬಿಚ್ಚೋ ಮುಂಚೆ ಓದೋಕೆ

ಲೋ ಮಾದೇಸ,

ಮೂರನೇ ಮಹಡಿ ಸಾರವೆ ಮೇಲೆ ಹವಾಯಿ ಚಪ್ಪಲಿಯಲ್ಲೇ ಓಡಾಡೋನು ನೀನು. ಅಂಥೋನಿಗೆ ಮನೆ ಮುಂದಿನ ಎರಡು ಮೆಟ್ಟಿಲು ಕೈ ಕೊಟ್ಟವೆ ಅಂದ್ರೆ ತಪ್ಪು ಮೆಟ್ಟಿಲಿಂದೇ. ನಿನ್ನ ರಸಮಟ್ಟ ತಗೊಂಡೇ ಇಟ್ಟು ನೋಡಿದ್ವಿ, ಮೇಲಿನ ಮೆಟ್ಟಿಲು ಮುಂದಕ್ಕೆ ವಾಲಿಕೊಂಡದೆ. ಯಾರು ಕಟ್ಟಿದ್ದು ಅಂತ ವಿಚಾರಿಸಿದ್ರೆ ನೀನಲ್ಲವಂತೆ, ನಿಮ್ಮ ಮಾವನೋರಂತೆ. ಈ ಸಾಲನ್ನ ಅತ್ತಿಗೆ ಮುಂದೆ ಗಟ್ಟಿಯಾಗಿ ಓದಬೇಡ.

ಮೊಣಕಾಲು ಕೆಳಗಿನ ದೊಡ್ಡ ಮೂಳೆ ಬಿರುಕು ಬಿಟ್ಟದೆ, ಜಾಗ ಬಿಟ್ಟು ಕದಲಿಲ್ಲ, ಆಪರೇಷನ್ ಬೇಡ, ತೊಡೆಯಿಂದ ಬೆರಳ ಬುಡದವರೆಗೆ ಪ್ಲಾಸ್ಟರು, ಆರು ವಾರ ಕಾಲು ಊರಂಗಿಲ್ಲ. ಇಷ್ಟು ಡಾಕ್ಟರ ಮಾತು. ಇನ್ನು ನಮ್ಮ ಟೀ ಅಂಗಡಿ ಬಳಗದ ಮಾತು ಕೇಳು. ಇದರಲ್ಲಿ ಒಬ್ಬ ಫಿಸಿಯೋ, ಒಬ್ಬಳು ಮೂಳೆ ವಾರ್ಡಿನ ನರ್ಸು, ಮಿಕ್ಕೋರೆಲ್ಲ ನಿನ್ನ ಲೆಕ್ಕದಲ್ಲಿ ಟೀ ಕುಡಿಯೋರು. ಕೆಳಗೆ ಬರೋ ವಿಷಯವೆಲ್ಲ ಮೊದಲಿಬ್ಬರದು, ಒಗ್ಗರಣೆ ಮಿಕ್ಕೋರದು.

ಮೊದಲನೇದು, "ದಂಡಕ್ಕೆ ಬಿದ್ದಿದ್ದೀನಲ್ಲಪ್ಪಾ" ಅಂತ ಕೊರಗೋದು ಬುಡು. ಒಳಗೆ ಭರ್ಜರಿ ಕೆಲಸ ನಡೀತಾ ಅದೆ. ಈಗ ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಕೂತದೆ. ಎರಡು ಮೂರು ವಾರದಲ್ಲಿ ಅಲ್ಲೇ ಮೆತ್ತನೆ ಗಂಟು ಕಟ್ಟತದೆ. ಆಮೇಲೆ ಅದಕ್ಕೆ ಕ್ಯಾಲ್ಸಿಯಂ ಕೂಡಿ ಗಟ್ಟಿಯಾಯ್ತದೆ. ಈ ಮೂಳೆ ಪೂರ್ತಿ ಕೂಡೋಕೆ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ರಾತ್ರಿ ಪಾಳಿ, ಭಾನುವಾರ, ಹಬ್ಬ ಯಾವುದೂ ನೋಡದೆ, ಅಡ್ವಾನ್ಸ್ ಕೇಳದೆ, ಶನಿವಾರ ಬಟವಾಡೆಗೆ ತಕರಾರು ತೆಗೀದೆ ದುಡಿಯೋ ಆಳು ನಿನಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಇದೇ ಮೊದಲು. ಪ್ಲಾಸ್ಟರು ಬರೀ ಸೆಂಟ್ರಿಂಗು ಕಣ್ಲಾ, ಮೋಲ್ಡ್ ಒಳಗಿರೋದು. ಮನೆ ಓನರ್ ಬಂದು "ಮೇಸ್ತ್ರಿ, ನಾಳೇನೆ ಹಲಗೆ ಬಿಚ್ಚಿಸಿಬಿಡಿ" ಅಂದ್ರೆ ನೀನು ಏನು ಉಗೀತೀಯೋ, ಮೂರನೇ ವಾರಕ್ಕೆ ನಿನಗೇ ಆ ಆಸೆ ಬಂದಾಗ ಕನ್ನಡಿ ನೋಡ್ಕೊಂಡು ಅದನ್ನೇ ಉಗ್ದುಕೊ.

ಆದ್ರೆ ಒಂದು ಕಡೆ ನಿನ್ನ ಕಸುಬು ನಿನಗೇ ಉಲ್ಟಾ ಹೊಡೀತದೆ. ನೀನು ಮೋಲ್ಡ್ ಹಾಕಿದ ಮಾರನೇ ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸೋನು. ಇಲ್ಲಿ ಕ್ಯೂರಿಂಗ್ ಅಂತ ಒಂದು ಚೊಂಬು ನೀರು ಸುರಿದ್ರೂ ಕಥೆ ಮುಗೀತು. ಇದು ಜಿಪ್ಸಮ್ಮು, ಸಿಮೆಂಟಲ್ಲ. ಒದ್ದೆಯಾದ್ರೆ ಮೆತ್ತಗಾಗಿ ಹಿಡಿತ ಬಿಡ್ತದೆ, ಒಳಗಿನ ಹತ್ತಿ ನೆನೆದು ಚರ್ಮ ಕೊಳೀತದೆ. ಹೊಸದಾಗಿ ಹಾಕಿದ್ದು ಪೂರ್ತಿ ಒಣಗೋಕೆ ಎರಡು ಮೂರು ದಿನ ಹಿಡೀತದೆ. ಅಲ್ಲೀವರೆಗೂ ಕಂಬಳಿ ಮುಚ್ಚಬೇಡ, ಗಾಳಿಗೆ ಬಿಡು, "ಸೆಟ್ ಆಗ್ಯದಾ" ಅಂತ ಹೆಬ್ಬೆರಳಲ್ಲಿ ಒತ್ತಿ ನೋಡಬೇಡ. ಒತ್ತಿದ ಕಡೆ ಗುಳಿ ಬಿದ್ದು ಒಳಗೆ ಚರ್ಮ ಒತ್ತಿ ಹುಣ್ಣಾಯ್ತದೆ. ಸ್ನಾನಕ್ಕೆ ಕುರ್ಚಿ ಮೇಲೆ ಕೂರು, ಪ್ಲಾಸ್ಟರ್ ಕಾಲನ್ನ ನೀರು ಬೀಳದ ಕಡೆ ಇನ್ನೊಂದು ಸ್ಟೂಲಿನ ಮೇಲೆ ಚಾಚು, ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ತೊಡೆ ಹತ್ರ ಟೇಪ್ ಸುತ್ತು. ಕವರ್ ಅದೆ ಅಂತ ಧೈರ್ಯ ಮಾಡಿ ಅದರ ಮೇಲೆ ನೀರು ಹುಯ್ಕೋಬೇಡ. ವಾಟರ್ ಪ್ರೂಫಿಂಗ್ ಗ್ಯಾರಂಟಿ ಎಷ್ಟು ದಿನ ಬತ್ತದೆ ಅನ್ನೋದು ನಮಗಿಂತ ನಿನಗೇ ಚೆನ್ನಾಗಿ ಗೊತ್ತು.

ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಬೇಕು. ಹಿಮ್ಮಡಿ ಕೆಳಗೆ ಮಾತ್ರ ಒಂದು ದಿಂಬು ತುರುಕಿದ್ರೆ ಭಾರವೆಲ್ಲ ಒಂದೇ ಕಡೆ ಬೀಳತದೆ. ತೊಡೆಯಿಂದಲೇ ಶುರು ಮಾಡಿ ಉದ್ದಕ್ಕೂ ಆಸರೆ ಕೊಡು. ಕಾಲು ಇಳಿಬಿಟ್ಟು ಟಿ.ವಿ. ನೋಡ್ತಾ ಕೂತ್ರೆ ಊದ್ಕೊಂಡು ಪ್ಲಾಸ್ಟರು ಬಿಗೀತದೆ. ಎಚ್ಚರ ಇರೋವಾಗ ಗಂಟೆಗೊಂದ್ಸಲ ಬೆರಳು ಹತ್ತು ಸಾರಿ ಮಡಚಿ ಬಿಚ್ಚು. ಹಂಗೇ ತೊಡೆ ಬಿಗಿ ಹಿಡಿದು ಐದು ಎಣಿಸಿ ಸಡಿಲ ಬಿಡೋದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಫಿಸಿಯೋ ಹೇಳೋ ಪ್ರಕಾರ ಇದನ್ನ ಮಾಡದೋರ ತೊಡೆ ಪ್ಲಾಸ್ಟರ್ ಬಿಚ್ಚೋ ಹೊತ್ತಿಗೆ ಇನ್ನೂ ಸೊರಗಿರತದೆ.

ಈಗ ಎರಡು ನಿಮಿಷ ನಗೋದು ನಿಲ್ಲಿಸು, ಅತ್ತಿಗೇನೂ ಕೂರಿಸ್ಕೊಂಡು ಓದು. ಕಾಲು ಎತ್ತಿ ಇಟ್ಟು, ಮಾತ್ರೆ ನುಂಗಿದ ಮೇಲೂ ನೋವು ಏರ್ತಾನೇ ಹೋದ್ರೆ, ಬೆರಳು ತಣ್ಣಗಾದ್ರೆ, ಬಿಳುಚಿಕೊಂಡ್ರೆ ಇಲ್ಲ ನೀಲಿ ತಿರುಗಿದ್ರೆ, ಜೋಮು ಹಿಡಿದು ಸ್ಪರ್ಶ ಗೊತ್ತಾಗದಿದ್ರೆ, ಬೆರಳನ್ನ ಯಾರಾದ್ರೂ ಮೆಲ್ಲಗೆ ಎಳೆದ್ರೂ ಜೀವ ಹೋಗೋ ಹಂಗೆ ನೋವಾದ್ರೆ, ರಾತ್ರಿ ಎರಡು ಗಂಟೆಯಾಗಿದ್ರೂ ಆಸ್ಪತ್ರೆಗೆ ಹೊರಡು. ಒಳಗೆ ಒತ್ತಡ ಏರಿ ಮಾಂಸಕ್ಕೆ ರಕ್ತ ಹೋಗ್ತಿಲ್ಲ ಅಂತ ಅದರ ಅರ್ಥ ಇರಬೌದು. ಬೆಳಗಾಗಲಿ ಅಂತ ಕಾಯೋ ವಿಷಯ ಅಲ್ಲ ಇದು. ಎದೆನೋವು, ಏದುಸಿರು ಬಂದ್ರೆ ಸೀದಾ 108. ಮೀನಖಂಡದಲ್ಲಿ ಹೊಸ ನೋವು, ಊತ, ಜ್ವರ, ಪ್ಲಾಸ್ಟರ್ ಒಳಗಿಂದ ಕೆಟ್ಟ ವಾಸನೆ, ಕಲೆ, ಇವು ಕಂಡ್ರೆ ಅವತ್ತೇ ಡಾಕ್ಟರಿಗೆ ತೋರಿಸು. ನಮಗೆ ಫೋನ್ ಮಾಡೋದು ಅದಾದ ಮೇಲೆ. ನಮ್ಮಲ್ಲಿ ಯಾರ ಹತ್ರಾನೂ ಪ್ಲಾಸ್ಟರ್ ಕೊಯ್ಯೋ ಮಿಷನ್ ಇಲ್ಲ. ನಿನ್ನ ಗ್ರೈಂಡರನ್ನ ಬಚ್ಚಿಟ್ಟಿದ್ದೀವಿ, ಹುಡುಕಬೇಡ.

ಸರಿ, ಈಗ ನಗಬೌದು, ಯಾಕಂದ್ರೆ ಮುಂದಿನದು ಕೆರೆತ. ಎರಡನೇ ವಾರದಿಂದ ಒಳಗೆ ಇರುವೆ ಸಾಲು ಹೊಂಟಂಗೆ ಆಯ್ತದೆ. ಪೊರಕೆ ಕಡ್ಡಿ, ಸ್ಕೇಲು, ಸೈಕಲ್ ಕಂಬಿ, ಕೊನೆಗೆ ಕಟ್ಟೋ ತಂತಿ ಮೇಲೂ ನಿನ್ನ ಕಣ್ಣು ಬೀಳತದೆ. ಏನೂ ತೂರಿಸಂಗಿಲ್ಲ. ಗೀರಿ ಗಾಯವಾದ್ರೆ ಕೀವು, ಕಡ್ಡಿ ಮುರಿದು ಒಳಗೇ ಉಳಿದ್ರೆ ಅದಕ್ಕೊಂದು ಪಂಚಾಯ್ತಿ. ಪೌಡರು, ಎಣ್ಣೇನೂ ಬೇಡ, ಹತ್ತಿಗೆ ಸೇರಿ ಗಂಟು ಕಟ್ಟತವೆ. ಪ್ಲಾಸ್ಟರ್ ಮೇಲೆ ಬೆರಳಲ್ಲಿ ತಟ್ಟು, ಹೇರ್ ಡ್ರೈಯರ್ ಇದ್ರೆ ತಣ್ಣನೆ ಗಾಳಿಗೆ ಇಟ್ಕೊಂಡು ಪ್ಲಾಸ್ಟರಿನ ಬಾಯಿ ಕಡೆಯಿಂದ ಊದಿಸು. ಬಿಸಿ ಗಾಳಿ ಬೇಡ, ಚರ್ಮ ಸುಟ್ಟೀತು. ತಟ್ಟೋದು ತಮಟೆ ಲಯಕ್ಕೆ ಬಂದ್ರೆ ವಿಡಿಯೋ ಮಾಡಿ ಕಳಿಸು.

ಕಂಕುಳ ಕೋಲಿನ ವಿಷಯಕ್ಕೆ ಬರೋಣ. ಬಾಡಿಗೆಗೆ ತಂದ ಜೋಡಿನ ನಿನ್ನ ಅಳತೆಗೆ ಕೂರಿಸೋಕೆ ನೀನೇ ಟೇಪ್ ಹಿಡಿ ಅಂದ್ರೂ ತಪ್ಪಿಲ್ಲ. ನಿಂತಾಗ ಕೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಬೇಕು, ಹಿಡಿ ಮಣಿಕಟ್ಟಿನ ಮಟ್ಟಕ್ಕೆ, ಮೊಣಕೈ ಚೂರು ಬಗ್ಗಿರಲಿ. ಭಾರ ಪೂರ್ತಿ ಅಂಗೈ ಮೇಲೆ. ಕಂಕುಳನ್ನ ಕೋಲಿಗೆ ನೇತುಹಾಕ್ಕೊಂಡು ನಿಂತ್ರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡೀತದೆ. ಆಗ ಕಾಲೂ ಇಲ್ಲ, ಕರಣೇನೂ ಇಲ್ಲ. ಕೆಳಗಿನ ರಬ್ಬರ್ ಬುಷ್ ಸವೆದಿದ್ರೆ ಬದಲಾಯಿಸು. ಕಾಲೊರೆಸೋ ಮ್ಯಾಟು, ಒದ್ದೆ ಗ್ರಾನೈಟು, ಬಾಗಿಲಲ್ಲೇ ಮಲಗೋ ನಿಮ್ಮ ಬೆಕ್ಕು, ಮೂರನ್ನೂ ದಾರಿಯಿಂದ ತೆಗೆಸು. ಮೆಟ್ಟಿಲು ಹತ್ತೋವಾಗ ಗಟ್ಟಿ ಕಾಲು ಮುಂದೆ, ಆಮೇಲೆ ಕೋಲು ಮತ್ತೆ ನೊಂದ ಕಾಲು. ಇಳಿಯೋವಾಗ ಕೋಲು ಮತ್ತೆ ನೊಂದ ಕಾಲು ಮುಂದೆ, ಗಟ್ಟಿ ಕಾಲು ಹಿಂದೆ. ಶುರುವಿನಲ್ಲಿ ಯಾರಾದ್ರೂ ಜೊತೆಗಿರಲಿ. ಮಾವನೋರು ಕಟ್ಟಿದ ಆ ಎರಡು ಮೆಟ್ಟಿಲ ಮೇಲೆ ಮಾತ್ರ ಸದ್ಯಕ್ಕೆ ಪ್ರಯೋಗ ಬೇಡ.

ಕುಕ್ಕರುಗಾಲಲ್ಲಿ ಕೂರೋ ಪಾಯಿಖಾನೆಯಲ್ಲಿ ಈ ಕಾಲು ಇಟ್ಕೊಂಡು ಕೂರೋಕೆ ಆಗಲ್ಲ. ಕಮೋಡ್ ಕುರ್ಚಿ ನಾಳೆ ಬೆಳಗ್ಗೆ ಬತ್ತದೆ, ಬಾಡಿಗೆ ನಮ್ಮದು. ನೋವಿನ ಮಾತ್ರೆಗಳಲ್ಲಿ ಕೆಲವು ಮಲಬದ್ಧತೆ ತರ್ತವೆ, ಜೊತೆಗೆ ಅಲ್ಲಾಡದೆ ಮಲಗಿರೋದು ಬೇರೆ. ಅದಕ್ಕೇ ನೀರು, ಸೊಪ್ಪು, ಹಣ್ಣು ಕಡಿಮೆ ಮಾಡಬೇಡ.

ಊಟದ ವಿಷಯದಲ್ಲಿ ನೀನು ಮಂಡ್ಯದೋನಾಗಿರೋದೇ ಅರ್ಧ ಔಷಧಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಅದೆ, ದಿನಕ್ಕೆ ಬೇಕಾಗೋದು ಸುಮಾರು 1000. ಮುದ್ದೆ ಜೊತೆಗೆ ಹಾಲು, ಮೊಸರು, ಎಳ್ಳು ಚಟ್ನಿ ಸೇರಿದ್ರೆ ಲೆಕ್ಕ ಸರಿಹೋಯ್ತದೆ. ಮೂಳೆಗೆ ಪ್ರೋಟೀನೂ ಬೇಕು, ಮೊಟ್ಟೆ, ಹುರುಳಿ ಬಸ್ಸಾರು, ಅವರೆಕಾಳು ಯಾವುದಾದ್ರೂ ಸರಿ. ಕಾಲು ಸೂಪು ಮಾತ್ರ ಮನೆಗೊಬ್ಬರಂತೆ ತತ್ತಾರೆ. ಕುಡಿ, ರುಚಿಯಾಗಿರತದೆ, ಆದ್ರೆ ಮೇಕೆ ಕಾಲು ಸೀದಾ ಹೋಗಿ ನಿನ್ನ ಕಾಲಿಗೆ ಅಂಟಿಕೊಳ್ಳಲ್ಲ. ಬೀಡಿ ವಿಷಯದಲ್ಲಿ ನರ್ಸಮ್ಮ ಖಡಕ್ಕಾಗಿ ಹೇಳವ್ಳೆ: ಹೊಗೆ ಮೂಳೆಗೆ ಹೋಗೋ ರಕ್ತ ಕಡಿಮೆ ಮಾಡತದೆ, ಕೂಡೋದು ತಡ ಆಯ್ತದೆ. ನಿನ್ನ ಕಟ್ಟು, ಬೆಂಕಿಪೊಟ್ಟಣ ಎರಡೂ ನಮ್ಮ ವಶದಲ್ಲೇ ಅವೆ.

ನೋಡೋಕೆ ಬರೋರಲ್ಲಿ ಒಬ್ಬರಾದ್ರೂ "ನಾಟಿ ಕಟ್ಟು ಕಟ್ಸು, ಹದಿನೈದು ದಿನಕ್ಕೆ ಓಡ್ತೀಯ" ಅಂದೇ ಅಂತಾರೆ. ಬಾಳೆಹಣ್ಣು ಇಸ್ಕೊ, ಸಲಹೆ ವಾಪಸ್ ಕೊಡು. ಎಕ್ಸ್‌ರೇ ನೋಡಿ ಸರಿಯಾದ ಮಟ್ಟದಲ್ಲೇ ಹಿಡಿದಿಟ್ಟಿರೋ ಮೂಳೆಯನ್ನ ಬಿಚ್ಚಿ ಎಳೆದಾಡಿದ್ರೆ ಸೊಟ್ಟ ಕೂಡತದೆ. ಸೊಟ್ಟ ಗೋಡೆ ಕೆಡವಿ ಕಟ್ಟೋ ಖರ್ಚು ಎಷ್ಟು ಅಂತ ಕೇಳು ಅವರನ್ನ, ಸುಮ್ಮನಾಗ್ತಾರೆ.

ಸೈಟಿನ ಚಿಂತೆ ಬಿಡು. ಇಟ್ಟಿಗೆ ಲೋಡು ಇಳಿಸ್ಕೊಂಡಿದ್ದೀವಿ, ಶನಿವಾರದ ಬಟವಾಡೆ ನಾವು ನಿಂತು ಹಂಚ್ತೀವಿ. ದಿನಕ್ಕೆ ಒಂದೇ ವಿಡಿಯೋ ಕಾಲು, ಸಂಜೆ ಐದಕ್ಕೆ, ಹತ್ತು ನಿಮಿಷ. ಅಷ್ಟರೊಳಗೆ ಯಾರನ್ನ ಬೈಬೇಕೋ ಪಟ್ಟಿ ಮಾಡಿಟ್ಕೊ. ಗಾರೆ ಹುಡುಗರು "ಅಣ್ಣ ಬೈಯದೆ ಕೆಲಸಕ್ಕೆ ಮನಸ್ಸೇ ಬತ್ತಿಲ್ಲ" ಅಂತವ್ರೆ, ನಿಜವಾಗ್ಲೂ.

ಪ್ಲಾಸ್ಟರ್ ಕೊಯ್ಯೋ ದಿನ ಹೆದರಬೇಡ. ಆ ಮಿಷನ್ನು ಟೈಲ್ಸ್ ಕಟರ್ ಥರಾನೇ ಅರಚತದೆ, ಆದ್ರೆ ಅದರ ಬ್ಲೇಡು ಸುತ್ತಲ್ಲ, ಅಲ್ಲಲ್ಲೇ ನಡುಗತದೆ. ಗಟ್ಟಿ ಪ್ಲಾಸ್ಟರು ಸೀಳತದೆ, ಮೆತ್ತನೆ ಚರ್ಮ ಅದರ ಜೊತೆಗೇ ಅಲ್ಲಾಡಿ ತಪ್ಪಿಸ್ಕೊಳ್ತದೆ. ಬಿಸಿ ಅನ್ನಿಸಿದ್ರೆ ಮಾತ್ರ ತಕ್ಷಣ ಹೇಳು. ಒಳಗಿಂದ ಬರೋ ಕಾಲು ಸಣ್ಣಗೆ, ಹೊಟ್ಟು ಹೊಟ್ಟಾಗಿ, ಯಾರದೋ ಕಾಲು ತಂದು ಜೋಡಿಸಿದಂಗೆ ಕಾಣತದೆ. ನಿಂದೇ ಅದು. ಮೊಣಕಾಲು ಬಿಗಿದಿರತದೆ, ಬಗ್ಗಿಸೋಕೆ ಫಿಸಿಯೋ ಅವನೆ. ಆವಾಗ ಅವನನ್ನ ಬೈಯೋಕೆ ಬೇರೆ ಪಟ್ಟಿ.

ಭಾನುವಾರ ಹನ್ನೊಂದಕ್ಕೆ ಎಲ್ಲ ಬತ್ತೀವಿ. ಮದ್ದೂರು ವಡೆ, ಇಸ್ಪೀಟು, ಕಪ್ಪು ಮಾರ್ಕರ್ ತತ್ತೀವಿ. ಅಷ್ಟೊತ್ತಿಗೆ ಪ್ಲಾಸ್ಟರು ಒಣಗಿರತದೆ, ಅದರ ಮೇಲೆ ದಪ್ಪಕ್ಷರದಲ್ಲಿ "ಈ ಜಾಗ ಮಾರಾಟಕ್ಕಿಲ್ಲ" ಅಂತ ಬರೀಬೇಕು ಅಂತ ತೀರ್ಮಾನ ಆಗ್ಯದೆ. ಕೆಳಗೆ ಫೋನ್ ನಂಬರ್ ಹಾಕೋದಾ ಬೇಡವಾ ಅನ್ನೋದು ಅತ್ತಿಗೆಗೆ ಬಿಟ್ಟಿದ್ದು. ಟೀಗೆ ಹಾಲು ನಾವೇ ತತ್ತೀವಿ, ನೀನು ಏಳಬೇಡ.

ಇಂತಿ,
ನಿನ್ನ ಲೆಕ್ಕದಲ್ಲಿ ಟೀ ಕುಡಿಯೋ ಬಳಗ