ವೇತನ ಪರಿಷ್ಕರಣೆಗಾಗಿ ಮನವಿ

ದಿನಾಂಕ: 10-03-2025
ಪೀಣ್ಯ, ಬೆಂಗಳೂರು

ಗೆ,
ವ್ಯವಸ್ಥಾಪಕ ನಿರ್ದೇಶಕರು

ಮಾನ್ಯರೇ,

ವಿಷಯ: ಏಪ್ರಿಲ್ 2025ರಿಂದ ವೇತನ ಪರಿಷ್ಕರಿಸುವ ಬಗ್ಗೆ

2019ರಿಂದ ನಮ್ಮ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗಿನ ಮಾಸಿಕ ವೇತನ 34,000 ರೂಪಾಯಿ. ಇದನ್ನು 42,000ಕ್ಕೆ ಹೆಚ್ಚಿಸಬೇಕೆಂದು ಕೋರುತ್ತೇನೆ.

ಕಳೆದ ವರ್ಷ ಹಿರಿಯ ಲೆಕ್ಕಿಗರು ನಿವೃತ್ತರಾದ ಮೇಲೆ ಜಿಎಸ್‌ಟಿ ಕೆಲಸ ಪೂರ್ತಿ ನನ್ನ ಪಾಲಿಗೆ ಬಂತು. ಅಂದಿನಿಂದ ಒಂದು ರಿಟರ್ನ್‌ಗೂ ವಿಳಂಬ ಶುಲ್ಕ ಕಟ್ಟಿಲ್ಲ. ಜಿಎಸ್‌ಟಿಆರ್-2ಬಿಯನ್ನು ನಮ್ಮ ಖರೀದಿ ಪುಸ್ತಕದೊಂದಿಗೆ ಪ್ರತಿ ತಿಂಗಳೂ ತಾಳೆ ನೋಡಿ, ಇನ್ವಾಯ್ಸ್ ಅಪ್‌ಲೋಡ್ ಮಾಡದ ಸರಬರಾಜುದಾರರ ಬೆನ್ನುಹತ್ತಿದ್ದರಿಂದ 3.8 ಲಕ್ಷ ರೂಪಾಯಿಯ ಹೂಡುವಳಿ ತೆರಿಗೆ ಕ್ರೆಡಿಟ್ ನಮಗೆ ದಕ್ಕಿದೆ. ಇದು ನನಗೆ ನಿಜಕ್ಕೂ ಹೆಮ್ಮೆಯ ಕೆಲಸ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಪಾವತಿಸುವ ನಿಯಮ ತಪ್ಪದಂತೆ ಬಿಲ್ಲುಗಳ ಪಟ್ಟಿಯನ್ನೂ ಪ್ರತಿ ಸೋಮವಾರ ತಮ್ಮ ಮುಂದಿಡುತ್ತಿದ್ದೇನೆ.

ಪೀಣ್ಯ ಮತ್ತು ದಾಸರಹಳ್ಳಿಯ ನಮ್ಮಷ್ಟೇ ಗಾತ್ರದ ಘಟಕಗಳ ಇತ್ತೀಚಿನ ಉದ್ಯೋಗ ಜಾಹೀರಾತುಗಳನ್ನು ಗಮನಿಸಿದೆ. ಟ್ಯಾಲಿ, ಜಿಎಸ್‌ಟಿ ಬಲ್ಲ, ಐದಾರು ವರ್ಷ ಅನುಭವವಿರುವವರಿಗೆ 40ರಿಂದ 46 ಸಾವಿರ ಕೊಡುತ್ತಿದ್ದಾರೆ. ದೊಡ್ಡ ಕಂಪನಿಗಳ ಸಂಬಳವನ್ನು ನಾನು ಹೋಲಿಕೆಗೆ ತೆಗೆದುಕೊಂಡಿಲ್ಲ, ಅದು ನ್ಯಾಯವೂ ಅಲ್ಲ.

ಬೇರೆಡೆ ಹೋಗುವ ಯೋಚನೆ ನನಗಿಲ್ಲ. ಒಮ್ಮೆಲೇ ಹೆಚ್ಚಿಸುವುದು ಕಷ್ಟವಾದರೆ ಏಪ್ರಿಲ್‌ನಲ್ಲಿ 39,000, ಅಕ್ಟೋಬರ್‌ನಲ್ಲಿ ಉಳಿದದ್ದು ಎಂದಾದರೂ ನನಗೆ ಒಪ್ಪಿಗೆ. ಈ ವಾರ ತಮಗೆ ಅನುಕೂಲವಾದ ಹೊತ್ತಿನಲ್ಲಿ ದಾಖಲೆಗಳೊಂದಿಗೆ ಬಂದು ಮಾತನಾಡುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶೋಭಾ
ಲೆಕ್ಕಪತ್ರ ವಿಭಾಗ