ಭರಣಿಯ ಜೊತೆಗೊಂದು ಚೀಟಿ

ಶಿವಮೊಗ್ಗ
ಮೇ 24

ಶಾರಿ,

ಈ ಭರಣಿ ಗುರುತು ಸಿಕ್ಕಿತಾ? ನಿಮ್ಮ ಅಮ್ಮನದು. ಅಂಚಿನಲ್ಲಿ ಚೂರು ಒಡೆದಿದೆ ನೋಡು, ಅದು ನಾನು ಒಡೆದದ್ದಲ್ಲ, ಮೊದಲೇ ಇತ್ತು! ಆರು ವರ್ಷದ ಹಿಂದೆ ಮಿಡಿ ಹಾಕಲು ಇಸ್ಕೊಂಡು ಬಂದವಳು ವಾಪಸ್ ಕೊಡಲೇ ಇಲ್ಲ. ಆಮೇಲೆ ಕೊಡೋ ಮುಖ ಉಳಿಯಲಿಲ್ಲ.

ಪಾತ್ರೆ ಖಾಲಿ ವಾಪಸ್ ಕೊಡಬಾರದು ಅನ್ನುತ್ತಿದ್ದರು ಅಮ್ಮ. ಅದಕ್ಕೇ ಜೀರಿಗೆ ಮಿಡಿ ಹಾಕಿ ಕಳಿಸುತ್ತಿದ್ದೇನೆ. ಅವರು ಹೇಳಿಕೊಟ್ಟ ಹಾಗೇ ಮಾಡಿದೆ. ತೊಟ್ಟು ಇದ್ದ ಮಿಡಿ ಮಾತ್ರ ಆರಿಸಿದೆ, ಕಲ್ಲುಪ್ಪಿನಲ್ಲಿ ಮೂರು ವಾರ ಚಿರುಟಲು ಬಿಟ್ಟೆ. ಆ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸು ಅರೆದೆ. ಸೊನೆ ಸಿಡಿದು ಮುಂಗೈ ಸುಟ್ಟಿತು. ಅಮ್ಮ ಇದ್ದಿದ್ದರೆ 'ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರೋದು ಬಿಟ್ಟು ಅವಸರ ಯಾಕೆ' ಅಂತ ಬಯ್ಯುತ್ತಿದ್ದರು.

ಅವರು ಹೋದಾಗ ನಾನು ಬರಲಿಲ್ಲ ಅಂತ ನೀನು ತಿಳಿದಿದ್ದೀಯ. ಬಂದಿದ್ದೆ ಮಾರಾಯ್ತಿ. ಸಾಗರದ ಬಸ್‌ಸ್ಟ್ಯಾಂಡ್ ತನಕ ಬಂದೆ. ನಿಮ್ಮೂರಿನ ಬಸ್ಸು ಎದುರಿಗೇ ನಿಂತಿತ್ತು. ನೀನು ಎಲ್ಲರೆದುರು ಮುಖ ತಿರುಗಿಸಿದರೆ ಅಂತ ಹೆದರಿ ಶಿವಮೊಗ್ಗದ ಬಸ್ಸು ಹತ್ತಿಬಿಟ್ಟೆ. ಇದನ್ನು ಮನೆಯಲ್ಲೂ ಯಾರಿಗೂ ಹೇಳಿಲ್ಲ. ನನಗೆ ಅಮ್ಮನ ಕೈಯ ಊಟ ಎಷ್ಟು ವರ್ಷದ್ದು ಅಂತ ನಿನಗೆ ಗೊತ್ತಲ್ಲ. ಆ ದಿನ ನನ್ನ ಮರ್ಯಾದೆಯೇ ನನಗೆ ದೊಡ್ಡದಾಯಿತು.

ಇನ್ನು ಆ ಉಪನಯನದ ಮನೆಯ ಮಾತು. ನಿನ್ನ ಮಗಳ ನಿಶ್ಚಿತಾರ್ಥ ಮುರಿದ ಸಂಗತಿ ನೀನು ನನ್ನೊಬ್ಬಳಿಗೇ ಹೇಳಿದ್ದು. ಹೂವು ಕಟ್ಟುತ್ತಾ ಕೂತಿದ್ದ ಹೆಂಗಸರ ನಡುವೆ ನಾನು ಅದನ್ನು ಆಡಿಬಿಟ್ಟೆ. ಬಾಯಿತಪ್ಪಿ ಬಂತು ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಬಾಯಿತಪ್ಪಿ ಅಲ್ಲ. ಎಲ್ಲರಿಗಿಂತ ಜಾಸ್ತಿ ನನಗೇ ಗೊತ್ತು ಅಂತ ತೋರಿಸಿಕೊಳ್ಳಬೇಕಿತ್ತು, ಅಷ್ಟೇ. ಆಮೇಲೆ ನೀನು ಫೋನ್ ಮಾಡಿ ಕೇಳಿದಾಗ 'ನಾನೇನು ಸುಳ್ಳು ಹೇಳಿದೆನಾ' ಅಂದೆನಲ್ಲ, ಅದು ಇನ್ನೂ ದೊಡ್ಡ ತಪ್ಪು. ಆ ಹುಡುಗಿ ನನ್ನನ್ನು ಚಿಕ್ಕಮ್ಮ ಅಂತ ಕರೆಯುತ್ತಿದ್ದವಳು. ಅವಳ ಹತ್ತಿರ ಬೇರೆಯಾಗಿಯೇ ಕ್ಷಮೆ ಕೇಳಬೇಕು, ನೀನು ಒಪ್ಪಿದರೆ.

ತಪ್ಪಾಯ್ತು ಶಾರಿ.

ಉಪ್ಪಿನಕಾಯಿ ತಗೊಂಡೆ ಅಂತ ನೀನು ಮಾತಾಡಲೇಬೇಕು ಅಂತೇನಿಲ್ಲ. ತಮ್ಮ ಇದನ್ನು ಜಗಲಿಯಲ್ಲಿಟ್ಟು ಹೋಗುತ್ತಾನೆ, ಉತ್ತರಕ್ಕೆ ಕಾಯಬೇಡ ಅಂತ ಹೇಳಿದ್ದೇನೆ. ನಾಗರಪಂಚಮಿ ತನಕ ಮುಚ್ಚಳ ತೆಗೆಯಬೇಡ, ಮಸಾಲೆ ಇನ್ನೂ ಹಿಡಿದಿಲ್ಲ. ಒದ್ದೆ ಚಮಚ ಹಾಕಬೇಡ. ಇದನ್ನೆಲ್ಲ ನಿನಗೆ ಹೇಳಿಕೊಡುತ್ತಿದ್ದೇನೆ ನೋಡು, ಬುದ್ಧಿ ಎಲ್ಲಿ ಹೋಗುತ್ತದೆ!

ಈ ಸಲ ಉಪ್ಪು ಸ್ವಲ್ಪ ಮುಂದಾಗಿದೆಯೇನೋ ಅಂತ ಅನುಮಾನ. ಹಾಗಿದ್ದರೆ ಫೋನ್ ಮಾಡಿ ಬಯ್ಯಿ. ನಂಬರ್ ಅದೇ ಇದೆ.

ನಿನ್ನ
ವನಜ